ಸೊನ್ನೆಯೋ ಖಾಲಿಯೋ: ಹೊರಡುವವರು ಬರೆದಿಡಬೇಕಾದ ಮಳೆ ಲೆಕ್ಕ

ಜುಲೈ ತಿಂಗಳ ಒಂದು ವಾರದ ಮಳೆ ಶೀಟು ತೆರೆದಿದ್ದೀರಿ ಎಂದುಕೊಳ್ಳಿ. ಒಂದು ಗ್ರಾಮ ಪಂಚಾಯಿತಿಯ ಮಳೆಮಾಪಕದ ಎದುರಿಗೆ ಏಳು ದಿನವೂ 0 ಎಂದಿದೆ. ಇದನ್ನು ಎರಡು ರೀತಿ ಓದಬಹುದು. ಅಲ್ಲಿ ಮಳೆಯೇ ಬರಲಿಲ್ಲ ಎಂಬುದು ಒಂದು. ಮಳೆ ಬಂದಿತ್ತು, ಮಾಪಕ ಕೆಟ್ಟು ಕೂತಿತ್ತು, ಲೆಕ್ಕ ಬಾರದೆ ಖಾಲಿ ಉಳಿದ ಜಾಗಕ್ಕೆ ಕಂಪ್ಯೂಟರು ಸೊನ್ನೆ ತುಂಬಿತು ಎಂಬುದು ಇನ್ನೊಂದು. ಶೀಟು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ನಿಜವಾದ ಸೊನ್ನೆ, ಯಾವುದು ತುಂಬಿದ ಸೊನ್ನೆ ಎಂದು ಹೇಳಬಲ್ಲವರು ಆ ಲೆಕ್ಕವನ್ನು ವರ್ಷಗಟ್ಟಲೆ ನೋಡಿಕೊಂಡ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಬೇರೆ ಕಡೆ ಕೆಲಸ ಸಿಕ್ಕಿ ಹೊರಟರೆ ಆ ತಿಳಿವಳಿಕೆಯೂ ಅವರ ಜೊತೆಗೇ ಹೊರಡುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ಚಾರ್ಜ್ ಕೊಡುವ ಪದ್ಧತಿ ಹಳೆಯದು. ಕಡತಗಳೆಷ್ಟು, ಬೀರುವಿನ ಕೀಲಿ ಯಾರ ಕೈಗೆ, ನಗದು ಪುಸ್ತಕದಲ್ಲಿ ಉಳಿಕೆ ಎಷ್ಟು ಎಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುತ್ತಾರೆ. ಅಂಕಿಅಂಶದ ಕೆಲಸದಲ್ಲೂ ಹಾಗೆಯೇ ಒಂದು ಹಸ್ತಾಂತರ ಟಿಪ್ಪಣಿ ಬರೆಯುತ್ತಾರೆ. ಡೇಟಾ ಎಲ್ಲಿಂದ ಬರುತ್ತದೆ, ಅದನ್ನು ಲೆಕ್ಕಕ್ಕೆ ಒಗ್ಗಿಸುವ ಸ್ಕ್ರಿಪ್ಟುಗಳು ಯಾವುವು, ಗೊತ್ತಿದ್ದೂ ಸರಿಯಾಗದೆ ಉಳಿದ ತೊಂದರೆಗಳೇನು ಎಂಬ ಮೂರು ಭಾಗ ಅದರಲ್ಲಿರುತ್ತವೆ. ಹೆಚ್ಚಿನ ಟಿಪ್ಪಣಿಗಳು ಮೊದಲ ಭಾಗದಲ್ಲೇ, ಅಂದರೆ ಫೋಲ್ಡರುಗಳ ಹೆಸರಿನ ಪಟ್ಟಿಯಲ್ಲೇ ಮುಗಿದುಹೋಗುತ್ತವೆ. ಫೋಲ್ಡರನ್ನು ಹೊಸಬರು ಹೇಗೋ ಹುಡುಕಿಕೊಳ್ಳುತ್ತಾರೆ. ಆ ಲೆಕ್ಕದೊಳಗೆ ಯಾವ್ಯಾವ ತೀರ್ಮಾನ ಮಾಡಿದ್ದೇವೆ, ಏಕೆ ಮಾಡಿದ್ದೇವೆ ಎಂಬುದನ್ನು ಮಾತ್ರ ಅವರು ಹುಡುಕಿಕೊಳ್ಳಲಾರರು. ನಾನು ಇದೇ ಕೆಲಸದಲ್ಲಿ ಇರುವುದರಿಂದ ತಾಲ್ಲೂಕುವಾರು ಮಳೆ ವರದಿಯನ್ನೇ ಇಟ್ಟುಕೊಂಡು, ಇಂಥ ಟಿಪ್ಪಣಿಯಲ್ಲಿ ಏನು ಇರಬೇಕು ಎಂದು ಬಿಡಿಸಿ ಹೇಳುತ್ತೇನೆ.

ಟಿಪ್ಪಣಿ ಇಲ್ಲದೆ ಕೆಲಸ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಎದುರಿಗೇ ಬಿದ್ದಿರುವ ಒಂದು ದಾಖಲೆಯಿದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕವು ಇಡೀ ಭೂಭಾಗದ ಮಳೆ, ಉಷ್ಣಾಂಶಗಳ ತಿಂಗಳವಾರು ಲೆಕ್ಕವನ್ನು ಚೌಕಗಳಾಗಿ ಹಂಚಿ ಪ್ರಕಟಿಸುತ್ತದೆ. ಅದರ ಒಂದು ಆವೃತ್ತಿಯನ್ನು ಕಟ್ಟಿದವರು ಘಟಕ ಬಿಟ್ಟಿದ್ದರು. ಮುಂದಿನ ಆವೃತ್ತಿ ತಯಾರಿಸುವ ಕೆಲಸ ಮತ್ತೊಬ್ಬ ಪ್ರೋಗ್ರಾಮರ್ ಪಾಲಿಗೆ ಬಂತು. 2006ರಿಂದ 2009ರವರೆಗೆ ಅವರು ಹಳೆಯ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ, ಎಡವಿದ ಜಾಗಗಳನ್ನೆಲ್ಲ `HARRY_READ_ME.txt` ಎಂಬ ಫೈಲಿನಲ್ಲಿ ದಿನಚರಿಯಂತೆ ಬರೆದಿಟ್ಟರು. 2009ರ ನವೆಂಬರಿನಲ್ಲಿ ಘಟಕದ ಕಂಪ್ಯೂಟರಿನಿಂದ ಕದ್ದು ಬಯಲಿಗೆ ಹಾಕಿದ ದಾಖಲೆಗಳ ಜೊತೆ ಆ ಫೈಲೂ ಹೊರಗೆ ಬಂತು. ಹವಾಮಾನ ವಿಜ್ಞಾನವೇ ಸುಳ್ಳು ಎಂದು ಸಾಧಿಸಲು ಹೊರಟವರು ಅದನ್ನು ಬೇಕಾದಂತೆ ಎತ್ತಿ ಆಡಿದರು. ನಮ್ಮ ಕೆಲಸದವರು ಓದಿದರೆ ಅದರಲ್ಲಿ ಮೋಸದ ಸುಳಿವೇನೂ ಕಾಣುವುದಿಲ್ಲ. ಚಾರ್ಜ್ ಪಟ್ಟಿಯಿಲ್ಲದೆ ಕಚೇರಿ ವಹಿಸಿಕೊಂಡ ಒಬ್ಬ ಪ್ರಾಮಾಣಿಕ ಕೆಲಸಗಾರನ ಪಾಡು ಕಾಣುತ್ತದೆ.

ಅದರಲ್ಲಿನ ಒಂದು ಘಟನೆ ಹೇಳಲೇಬೇಕು. ವರ್ಗಗಳ ಮೊತ್ತ ಎಂಬ ಒಂದು ಲೆಕ್ಕ ಮಧ್ಯದಲ್ಲಿ ಋಣಸಂಖ್ಯೆ ತೋರಿಸತೊಡಗಿತು. ಯಾವ ಸಂಖ್ಯೆಯನ್ನು ವರ್ಗ ಮಾಡಿದರೂ ಧನವೇ ಆಗಬೇಕು, ಹೈಸ್ಕೂಲಿನ ಗಣಿತ ಅದು. ಕೆದಕಿ ನೋಡಿದಾಗ ಒಂದು ಕಡೆ 49920 ಎಂಬ ಸಂಖ್ಯೆ ಬಂದಿತ್ತು. ಅದರ ವರ್ಗ 249,20,06,400. ಆ ಪ್ರೋಗ್ರಾಮು ಬಳಸುತ್ತಿದ್ದ ಪೂರ್ಣಾಂಕದ ಪೆಟ್ಟಿಗೆಯಲ್ಲಿ ಹಿಡಿಸುವುದು 214,74,83,647ರವರೆಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಕಂಪ್ಯೂಟರು ದೂರು ಹೇಳದೆ ಋಣದ ಕಡೆಗೆ ಸುತ್ತಿಕೊಳ್ಳುತ್ತದೆ. ಇಂಥದ್ದು ಬಂದಾಗ ಪ್ರೋಗ್ರಾಮು ಏನು ಮಾಡಬೇಕು, ಇಷ್ಟು ದೊಡ್ಡ ಸಂಖ್ಯೆ ನಿಜವೋ ತಪ್ಪೋ ಎಂಬುದನ್ನು ಹಳಬರು ಎರಡು ಸಾಲು ಬರೆದಿಟ್ಟಿದ್ದರೆ ಹುಡುಕಾಟ ಅಷ್ಟಕ್ಕೇ ನಿಲ್ಲುತ್ತಿತ್ತು. ಆ ಪ್ರೋಗ್ರಾಮರ್ ಕೆಲಸ ಬಿಡಲಿಲ್ಲ ಎಂಬುದು ದೊಡ್ಡದು. ಆ ಡೇಟಾ ಇವತ್ತಿಗೂ ಹೊಸ ಆವೃತ್ತಿಗಳಾಗಿ ಬರುತ್ತಿದೆ.

ನಮ್ಮ ಮಳೆ ಲೆಕ್ಕಕ್ಕೆ ಬರೋಣ. ಕರ್ನಾಟಕದಲ್ಲಿ ಮಳೆ ಅಳೆಯುವವರು ಮುಖ್ಯವಾಗಿ ಇಬ್ಬರು. ಭಾರತೀಯ ಹವಾಮಾನ ಇಲಾಖೆಯ ಕೇಂದ್ರಗಳು ಮೊದಲಿನಿಂದ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾಗಿ, ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಇಳಿದಿದೆ. ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಕಡೆ ಅದರ ಮಳೆಮಾಪಕಗಳು ಕಂಬದ ಮೇಲೆ ಸೌರಫಲಕ ಹೊತ್ತು ನಿಂತಿವೆ, ಮೊಬೈಲ್ ಜಾಲದ ಮೂಲಕ ತಾವೇ ಲೆಕ್ಕ ಕಳಿಸುತ್ತವೆ. ಮೂಲದ ಬಗ್ಗೆ ಟಿಪ್ಪಣಿಯಲ್ಲಿ ಮೊದಲು ಬರೆಯಬೇಕಾದದ್ದು ಇದನ್ನೇ: ಈ ಸಂಖ್ಯೆ ಯಾರ ಮಾಪಕದ್ದು? ಎರಡನ್ನೂ ಬೆರೆಸಿದ್ದೀರಾ? ಬೆರೆಸಿದ್ದರೆ ಯಾವ ವರ್ಷದಿಂದ?

ಅದರ ಹಿಂದೆಯೇ ಬರಬೇಕಾದದ್ದು ‘ದಿನ’ ಎಂದರೆ ಯಾವ ದಿನ ಎಂಬುದು. ಹೊರಗಿನವರಿಗೆ ಇದು ಪ್ರಶ್ನೆ ಅಂತಲೇ ಅನ್ನಿಸುವುದಿಲ್ಲ. ನಮ್ಮ ದೇಶದಲ್ಲಿ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಭಾನುವಾರ ಬೆಳಿಗ್ಗೆ 8.30ರಿಂದ ಸೋಮವಾರ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆಯನ್ನು ಸೋಮವಾರದ ತಾರೀಕಿನಲ್ಲಿ ಬರೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಸಂಜೆ ಸುರಿಯುವಂಥದ್ದು. ಭಾನುವಾರ ಸಂಜೆ ಊರವರೆಲ್ಲ ನೆನೆದು ಮನೆಗೆ ಓಡಿದ ಮಳೆ ಲೆಕ್ಕದಲ್ಲಿ ಸೋಮವಾರ ಕಾಣುತ್ತದೆ. ಇದು ತಪ್ಪಲ್ಲ, ಪದ್ಧತಿ. ಆದರೆ ಉಪಗ್ರಹದಿಂದ ಬರುವ ದಿನವಾರು ಮಳೆ ಅಂದಾಜುಗಳಲ್ಲಿ ಗ್ರೀನಿಚ್ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ, ದಿನ ಬದಲಾಗುತ್ತದೆ. ಮೇಲಾಗಿ ಅಲ್ಲಿ ಭಾನುವಾರ ಸಂಜೆಯ ಮಳೆ ಭಾನುವಾರದ ಹೆಸರಿನಲ್ಲೇ ಇರುತ್ತದೆ. ಎರಡನ್ನೂ ತಾರೀಕಿನ ಮೇಲೆ ಜೋಡಿಸಿದ ಹೊಸಬರಿಗೆ ಮಾಪಕವೇ ಒಂದು ದಿನ ತಡವಾಗಿ ಅಳೆಯುತ್ತಿದೆ ಎಂದು ತೋರುತ್ತದೆ. ಅವರು ಒಂದು ದಿನ ಹಿಂದಕ್ಕೆ ಸರಿಸಿ ಸರಿಮಾಡಲು ಹೋದರೆ ಇದ್ದ ಲೆಕ್ಕವೂ ಕೆಡುತ್ತದೆ. ಹಾಗಾಗಿ ಟಿಪ್ಪಣಿಯಲ್ಲಿ ಹೀಗೊಂದು ಸಾಲು ಇರಲೇಬೇಕು: “ತಾರೀಕು ಎಂದರೆ ಅಳತೆ ಓದಿದ ದಿನ, ಬೆಳಿಗ್ಗೆ 8.30. ಹಿಂದಿನ 24 ಗಂಟೆಯ ಮಳೆ ಇದರಲ್ಲಿದೆ. ಇದನ್ನು ಸರಿಸಬೇಡಿ.”

ಈಗ ಸೊನ್ನೆಯ ವಿಷಯ. ಸ್ಕ್ರಿಪ್ಟು ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಪಟ್ಟಿ. ಮಳೆ ವರದಿಯ ಸ್ಕ್ರಿಪ್ಟು ದಿನದ ಲೆಕ್ಕ ಓದುತ್ತದೆ, ಊರಿನ ಹೆಸರುಗಳನ್ನು ಸರಿಪಡಿಸುತ್ತದೆ, ಏಳು ದಿನ ಕೂಡಿಸುತ್ತದೆ, ತಾಲ್ಲೂಕಿನ ಮಾಪಕಗಳ ಸರಾಸರಿ ತೆಗೆಯುತ್ತದೆ, ವಾಡಿಕೆ ಮಳೆಯ ಜೊತೆ ಹೋಲಿಸುತ್ತದೆ. ನೂರಿನ್ನೂರು ಸಾಲಿನ ಕೆಲಸ. ಅದರಲ್ಲಿ ಅಪಾಯವಿರುವ ಸಾಲು ಸಾಮಾನ್ಯವಾಗಿ ಇದೊಂದೇ:

```python
df["rain_mm"] = df["rain_mm"].fillna(0)
```

ಖಾಲಿ ಇರುವ ಕಡೆಯೆಲ್ಲ ಸೊನ್ನೆ ತುಂಬು ಎಂದು ಇದರ ಅರ್ಥ. ಬರೆದವರ ಉದ್ದೇಶ ಕೆಟ್ಟದ್ದೇನಲ್ಲ. ಕೆಲವು ಮೂಲಗಳಲ್ಲಿ ಮಳೆ ಬಾರದ ದಿನ ಏನನ್ನೂ ಬರೆಯದೆ ಬಿಡುತ್ತಾರೆ. ಅಂಥ ಕಡೆ ಖಾಲಿ ಎಂದರೆ ನಿಜಕ್ಕೂ ಸೊನ್ನೆಯೇ. ತಾನಾಗಿ ಕಳಿಸುವ ಮಾಪಕಗಳಲ್ಲಿ ಹಾಗಲ್ಲ. ಅಲ್ಲಿ ಮಳೆ ಬಾರದಿದ್ದರೆ ಮಾಪಕವೇ 0 ಎಂದು ಕಳಿಸುತ್ತದೆ. ಏನೂ ಕಳಿಸಲಿಲ್ಲ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಸಿಗ್ನಲ್ ಇಲ್ಲ. ಒಂದು ಮೂಲಕ್ಕೆ ಸರಿಯಾದ ಸಾಲು ಇನ್ನೊಂದು ಮೂಲಕ್ಕೆ ತಪ್ಪು.

ಒಂದು ವಾರದ ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಹತ್ತು ಮಾಪಕಗಳಿವೆ. ಆ ವಾರದ ವಾಡಿಕೆ ಮಳೆ 40 ಮಿ.ಮೀ. ಏಳು ಮಾಪಕಗಳು ಕ್ರಮವಾಗಿ 38, 44, 41, 35, 47, 40, 35 ಮಿ.ಮೀ. ತೋರಿಸಿವೆ, ಒಟ್ಟು 280. ಉಳಿದ ಮೂರು ವಾರವಿಡೀ ಸುಮ್ಮನಿದ್ದವು. ಲೆಕ್ಕ ಕೊಟ್ಟ ಏಳರ ಸರಾಸರಿ ತೆಗೆದರೆ 40, ಸರಿಯಾಗಿ ವಾಡಿಕೆಯಷ್ಟು. ಸುಮ್ಮನಿದ್ದ ಮೂರಕ್ಕೆ ಸೊನ್ನೆ ತುಂಬಿ ಹತ್ತರಿಂದ ಭಾಗಿಸಿದರೆ 28, ಅಂದರೆ ವಾಡಿಕೆಗಿಂತ ನೂರಕ್ಕೆ 30 ಕಡಿಮೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ನೂರಕ್ಕೆ 19ರಷ್ಟು ಹೆಚ್ಚು ಕಡಿಮೆಯಾದರೂ ಅದು ವಾಡಿಕೆಯೇ. 20ರಿಂದ 59ರಷ್ಟು ಕಡಿಮೆಯಾದರೆ ‘ಕೊರತೆ’. ಹೀಗೆ, ಚೆನ್ನಾಗಿ ಮಳೆಯಾದ ತಾಲ್ಲೂಕು ಮೂರು ಬ್ಯಾಟರಿಗಳ ದೆಸೆಯಿಂದ ಕೊರತೆಯ ಪಟ್ಟಿಗೆ ಬಿತ್ತು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮೊದಲು ನೋಡುವುದು ಮಳೆಯ ಕೊರತೆಯನ್ನು ಮತ್ತು ಸತತವಾಗಿ ಒಣಗಿದ ವಾರಗಳನ್ನು. ಸುಳ್ಳು ಕೊರತೆ ಒಂದು ವಾರದ ಭೂಪಟಕ್ಕೆ ಕೆಂಪು ಬಣ್ಣ ಬಳಿದು ಸುಮ್ಮನಾಗುವುದಿಲ್ಲ, ಮುಂದಿನ ತೀರ್ಮಾನಗಳಿಗೂ ದಾಟುತ್ತದೆ.

ಆ ಸಾಲನ್ನು ಅಳಿಸಿದರೆ ಮುಗಿಯಿತು ಎಂದು ಹೊಸಬರಿಗೆ ಅನ್ನಿಸಬಹುದು. ಮುಗಿಯುವುದಿಲ್ಲ. ಪೈಥಾನಿನಲ್ಲಿ ಇಂಥ ಕೆಲಸಕ್ಕೆ ಎಲ್ಲರೂ ಬಳಸುವ ಪಾಂಡಾಸ್ ಎಂಬ ಸಾಧನ, ಕೂಡಿಸುವಾಗ ಖಾಲಿ ಜಾಗಗಳನ್ನು ಹೇಳದೆ ಕೇಳದೆ ದಾಟಿಹೋಗುತ್ತದೆ. ಏಳೂ ದಿನ ಖಾಲಿಯಿದ್ದರೂ ಮೊತ್ತ 0 ಎಂದೇ ಕೊಡುತ್ತದೆ. ಅಂದರೆ ಬಾಗಿಲಲ್ಲಿ ತಡೆದ ಸೊನ್ನೆ ಕಿಟಕಿಯಿಂದ ಒಳಗೆ ಬರುತ್ತದೆ. ಅದನ್ನು ತಡೆಯಲು ಹೀಗೆ ಬರೆಯಬೇಕು:

```python
week = df.groupby("gauge")["rain_mm"].sum(min_count=7)
```

ಏಳು ದಿನದ ಲೆಕ್ಕವೂ ಇದ್ದರೆ ಮಾತ್ರ ಮೊತ್ತ ಕೊಡು, ಇಲ್ಲದಿದ್ದರೆ ಖಾಲಿ ಬಿಡು ಎಂದು ಇದು ಹೇಳುತ್ತದೆ. ಏಳರಲ್ಲಿ ಒಂದು ದಿನ ತಪ್ಪಿದ ಮಾಪಕವನ್ನೂ ಇಡೀ ವಾರ ಕೈಬಿಡುವುದು ಬಿಗಿಯಾದ ನಿಯಮವಾಯಿತಲ್ಲ ಎಂದು ಕೇಳಬಹುದು. ಬಿಗಿಯೇ ಹೌದು. ಮುಂಗಾರಿನಲ್ಲಿ ಒಂದು ವಾರದ ಮಳೆಯೆಲ್ಲ ಒಂದೇ ರಾತ್ರಿ ಸುರಿಯುವುದುಂಟು. ತಪ್ಪಿದ ದಿನ ಅದೇ ಆಗಿದ್ದರೆ ಉಳಿದ ಆರು ದಿನದ ಮೊತ್ತಕ್ಕೆ ಏನೂ ಬೆಲೆಯಿಲ್ಲ. ಟಿಪ್ಪಣಿಯಲ್ಲಿ ನಿಯಮದ ಜೊತೆ ಈ ಕಾರಣವನ್ನೂ ಬರೆಯಬೇಕು ಎನ್ನುವುದು ಇದಕ್ಕೇ. ಕಾರಣ ಗೊತ್ತಿಲ್ಲದಿದ್ದರೆ, ಇಷ್ಟೊಂದು ಮಾಪಕಗಳು ಬಿಟ್ಟುಹೋಗುತ್ತಿವೆ ಎಂದು ಯಾರೋ 7ನ್ನು 4 ಮಾಡುತ್ತಾರೆ.

ಇನ್ನೊಂದು ತೀರ್ಮಾನ: ತಾಲ್ಲೂಕಿನ ಎಷ್ಟು ಮಾಪಕಗಳು ಲೆಕ್ಕ ಕೊಟ್ಟರೆ ವರದಿ ಮಾಡಬಹುದು? ಮೂರರಲ್ಲಿ ಎರಡು ಪಾಲಾದರೂ ಇರಲಿ, ಇಲ್ಲದಿದ್ದರೆ ಆ ತಾಲ್ಲೂಕಿಗೆ ಬಣ್ಣ ಕೊಡದೆ ‘ಮಾಹಿತಿ ಸಾಲದು’ ಎಂದು ಬರೆಯಿರಿ ಎಂದು ನಾನಾದರೆ ಬರೆಯುತ್ತೇನೆ. ಬಯಲುಸೀಮೆಗೆ ಇದು ನಡೆಯುತ್ತದೆ, ಮಲೆನಾಡಿಗೆ ಸಾಲದು. ತೀರ್ಥಹಳ್ಳಿ ತಾಲ್ಲೂಕನ್ನೇ ನೋಡಿ. ಘಟ್ಟದ ಅಂಚಿನ ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅದೇ ತಾಲ್ಲೂಕಿನ ಪೂರ್ವದ ಊರುಗಳಿಗೆ ಅದರ ಅರ್ಧವೂ ಇಲ್ಲ. ಆಗುಂಬೆಯ ಕಡೆಯ ಒಂದು ಮಾಪಕ ಸುಮ್ಮನಾದರೆ ಉಳಿದವುಗಳ ಸರಾಸರಿ ದಿಢೀರನೆ ಇಳಿಯುತ್ತದೆ, ಖಾಲಿಯನ್ನು ಖಾಲಿಯೆಂದೇ ಇಟ್ಟರೂ ಇಳಿಯುತ್ತದೆ. ಪ್ರತಿ ಮಾಪಕವನ್ನೂ ಅದರದೇ ವಾಡಿಕೆಯ ಜೊತೆ ಹೋಲಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ವಾಡಿಕೆ ಎಂದರೆ ದಶಕಗಳ ಸರಾಸರಿ. ಹವಾಮಾನ ಇಲಾಖೆ ಈಗ ಬಳಸುವುದು 1971ರಿಂದ 2020ರವರೆಗಿನ ಐವತ್ತು ವರ್ಷದ್ದು. ಪಂಚಾಯಿತಿ ಕಂಬಗಳಿಗೆ ಅಷ್ಟು ವಯಸ್ಸೇ ಆಗಿಲ್ಲ. ಸದ್ಯಕ್ಕೆ ಇದಕ್ಕೆ ಪೂರ್ತಿ ಪರಿಹಾರವಿಲ್ಲ, ಆದ್ದರಿಂದ ಇದು ‘ಗೊತ್ತಿರುವ ತೊಂದರೆಗಳು’ ಎಂಬ ಭಾಗಕ್ಕೆ ಸೇರಬೇಕು. ಮಲೆನಾಡಿನ ತಾಲ್ಲೂಕುಗಳಲ್ಲಿ ಯಾವ ಮಾಪಕ ಸುಮ್ಮನಾದರೆ ಆ ವಾರದ ಸರಾಸರಿಯನ್ನು ನಂಬಬಾರದು ಎಂದು ಹೆಸರು ಹಿಡಿದು ಬರೆದಿಟ್ಟರೆ ಹೊಸಬರಿಗೆ ಅಷ್ಟರ ಮಟ್ಟಿಗೆ ಕೈಹಿಡಿದಂತೆ.

ಸುಮ್ಮನಾದ ಮಾಪಕವನ್ನು ಹೇಗೋ ಗುರುತಿಸಬಹುದು. ಸುಳ್ಳು ಹೇಳುವ ಮಾಪಕವನ್ನು ಗುರುತಿಸುವುದು ಕಷ್ಟ. ಈ ಮಾಪಕಗಳೊಳಗೆ ಆಲಿಕೆಯ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಒಂದು ಮಗುಚಿಗೆ ಮಾದರಿಯನ್ನು ನೋಡಿಕೊಂಡು 0.2 ಅಥವಾ 0.5 ಮಿ.ಮೀ. ಮಳೆ ಎಂದು ಲೆಕ್ಕ. ಆಲಿಕೆಯ ಕಂಡಿಗೆ ಎಲೆ, ಜೇಡರ ಬಲೆ, ಹಕ್ಕಿಯ ಹಿಕ್ಕೆ ಕಟ್ಟಿಕೊಂಡರೆ ನೀರು ಆಲಿಕೆಯಲ್ಲೇ ನಿಂತು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಆಗ ದಾಖಲೆ ಹೀಗೆ ಕಾಣುತ್ತದೆ: ಸುತ್ತಲಿನ ಪಂಚಾಯಿತಿಗಳಲ್ಲಿ ಸಂಜೆ ಎರಡು ತಾಸು ಜೋರು ಮಳೆ, ಆಮೇಲೆ ಏನೂ ಇಲ್ಲ. ಈ ಒಂದು ಕಡೆ ಮಾತ್ರ ಜೋರು ಮಳೆಯೇ ಇಲ್ಲದೆ ರಾತ್ರಿಯಿಡೀ, ಮರುದಿನ ಬಿಸಿಲಲ್ಲೂ, ಒಂದೇ ಅಂತರದಲ್ಲಿ ಮಗುಚುತ್ತಲೇ ಇರುತ್ತದೆ. ನಿಜವಾದ ತುಂತುರು ಮಳೆ ಅಷ್ಟು ಲೆಕ್ಕಾಚಾರವಾಗಿ ಬೀಳುವುದಿಲ್ಲ. ದಿನದ ಮೊತ್ತವನ್ನಷ್ಟೇ ನೋಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಹದಿನೈದು ನಿಮಿಷದ ಲೆಕ್ಕ ತೆರೆದು ಅಕ್ಕಪಕ್ಕದ ನಾಲ್ಕು ಮಾಪಕಗಳ ಜೊತೆ ಇಟ್ಟು ನೋಡಬೇಕು. ಹಳಬರು ಇಂಥ ಒಂದು ನಿಜವಾದ ದಿನದ ಚಿತ್ರವನ್ನು ಟಿಪ್ಪಣಿಗೆ ಅಂಟಿಸಿ ಹೋದರೆ ಹತ್ತು ಸಾಲಿನ ವಿವರಣೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಊರುಗಳ ಹೆಸರು ಮತ್ತು ಗಡಿಯ ತೊಂದರೆ ಬೇರೆಯೇ. ಹರಪನಹಳ್ಳಿಯನ್ನು ತೆಗೆದುಕೊಳ್ಳಿ. ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2018ರ ಹೊತ್ತಿಗೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ಊರು ಇದ್ದಲ್ಲೇ ಇದೆ, ಮಳೆಯೂ ಅಲ್ಲೇ ಬೀಳುತ್ತಿದೆ. ಜಿಲ್ಲೆಯ ಹೆಸರಿನ ಮೇಲೆ ಕೂಡಿಸುವ ಸ್ಕ್ರಿಪ್ಟಿಗೆ ಮಾತ್ರ ದಾವಣಗೆರೆ ಜಿಲ್ಲೆಯ ಮಳೆ ಒಂದು ವರ್ಷದಿಂದ ಬೇರೆಯಾಯಿತು, ಬಳ್ಳಾರಿಯದು ಮೂರು ಸಲ ಬೇರೆಯಾಯಿತು ಎಂದು ಕಾಣುತ್ತದೆ. ಅದನ್ನು ಹವಾಮಾನ ಬದಲಾವಣೆ ಎಂದು ಓದುವ ಅಪಾಯ ನಿಜಕ್ಕೂ ಇದೆ.

ತಾಲ್ಲೂಕು ಒಡೆದ ಕಡೆ ಇನ್ನೂ ಸೂಕ್ಷ್ಮ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದರು. ಧಾರವಾಡ ಜಿಲ್ಲೆಯ ಅಣ್ಣಿಗೇರಿ ನವಲಗುಂದದಿಂದ ಬೇರೆಯಾದದ್ದು ಆಗಲೇ. ಹಳೆಯ ಫೈಲಿನಲ್ಲಿ ‘ನವಲಗುಂದ’ ಎಂದರೆ ಅಣ್ಣಿಗೇರಿಯೂ ಸೇರಿ, ಹೊಸ ಫೈಲಿನಲ್ಲಿ ಬಿಟ್ಟು. ಹೆಸರು ಎರಡರಲ್ಲೂ ಒಂದೇ ಆದ್ದರಿಂದ ಕಂಪ್ಯೂಟರು ಎರಡನ್ನೂ ತಕರಾರಿಲ್ಲದೆ ಜೋಡಿಸುತ್ತದೆ. ಇನ್ನು ಅಣ್ಣಿಗೇರಿಗೆ ಹಿಂದಿನ ದಶಕಗಳ ವಾಡಿಕೆ ಎಲ್ಲಿಂದ ತರುವುದು? ನವಲಗುಂದದ್ದನ್ನೇ ಕೊಟ್ಟಿದ್ದೀರೋ, ಅಣ್ಣಿಗೇರಿಯಲ್ಲಿದ್ದ ಹಳೆಯ ಮಾಪಕದಿಂದ ತೆಗೆದಿದ್ದೀರೋ? ಎರಡೂ ಒಪ್ಪಬಹುದಾದ ದಾರಿಗಳೇ. ಯಾವುದನ್ನು ಹಿಡಿದಿದ್ದೀರಿ ಎಂದು ಬರೆಯದೆ ಹೋದರೆ ಮುಂದಿನವರು ಇನ್ನೊಂದನ್ನು ಹಿಡಿಯುತ್ತಾರೆ, ಒಂದೇ ತಾಲ್ಲೂಕಿಗೆ ಎರಡು ವರ್ಷದ ವರದಿಗಳಲ್ಲಿ ಎರಡು ವಾಡಿಕೆಗಳು ಅಚ್ಚಾಗುತ್ತವೆ.

ಇದಕ್ಕೆ ಸರಿಯಾದ ಮದ್ದು ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸುವುದು. ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆಲ್ಲ ಸಂಖ್ಯೆಗಳಿವೆ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದಂತೆ ಬದಲಾದಾಗ, ಬಿಜಾಪುರ ವಿಜಯಪುರವಾದಾಗ, ಸಂಖ್ಯೆಯ ಮೇಲೆ ಜೋಡಿಸುತ್ತಿದ್ದವರ ಲೆಕ್ಕಕ್ಕೆ ಧಕ್ಕೆಯಾಗಲಿಲ್ಲ. ಹೆಸರನ್ನೇ ನಂಬಿದವರು ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಟ್ಟಣವನ್ನೂ ಉತ್ತರದ ವಿಜಯಪುರವನ್ನೂ ಬಿಡಿಸಿಕೊಳ್ಳಬೇಕಾಗಿ ಬಂತು. ಟಿಪ್ಪಣಿಯ ಜೊತೆ ಒಂದು ಪುಟ್ಟ ಕೋಷ್ಟಕ ಇರಬೇಕು: ಮಾಪಕದ ಸಂಖ್ಯೆ, ಅದು ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಯಾವ ತಾಲ್ಲೂಕು, ಯಾವ ಜಿಲ್ಲೆ. ತಾರೀಕಿಲ್ಲದ ಕೋಷ್ಟಕ ಇವತ್ತಿನ ಗಡಿಯನ್ನು ಮಾತ್ರ ಹೇಳುತ್ತದೆ.

ತಾರೀಕು ಎಂದಾಗ ನೆನಪಾಗುವ ಒಂದು ಲಕ್ಷಣವನ್ನು ಪ್ರತಿ ಟಿಪ್ಪಣಿಯಲ್ಲೂ ಬರೆಯಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ನಾವು 03/07/2023 ಎಂದು ಬರೆದರೆ ಜುಲೈ 3. ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಅದು ಮಾರ್ಚ್ 7 ಆಗುತ್ತದೆ. 13/07ರಿಂದ ಮುಂದಿನವು ತಿರುಗುವುದಿಲ್ಲ, ಏಕೆಂದರೆ ಹದಿಮೂರನೇ ತಿಂಗಳಿಲ್ಲ. ಹಾಗಾಗಿ ಜುಲೈ ಮೊದಲ ಹನ್ನೆರಡು ದಿನದ ಮಳೆ ಜನವರಿ 7, ಫೆಬ್ರುವರಿ 7, ಮಾರ್ಚ್ 7 ಎಂದು ವರ್ಷದ ಹನ್ನೆರಡೂ ತಿಂಗಳ ಏಳನೇ ತಾರೀಕಿಗೆ ಚದುರಿಹೋಗುತ್ತದೆ. ಫೆಬ್ರುವರಿ 7ರಂದು ಉತ್ತರ ಕನ್ನಡದಲ್ಲಿ 90 ಮಿ.ಮೀ. ಮಳೆ ಕಂಡರೆ ಆಕಾಶದ ಕಡೆ ನೋಡಬೇಡಿ, ಫೈಲನ್ನು ಯಾರು ಯಾವ ಕಂಪ್ಯೂಟರಿನಲ್ಲಿ ತೆರೆದರು ಎಂದು ಕೇಳಿ. ತಡೆಯುವ ದಾರಿ ಸರಳ. ಮೂಲ ಫೈಲುಗಳ ಫೋಲ್ಡರನ್ನು ಯಾರೂ ತಿದ್ದದಂತೆ ಓದಲು ಮಾತ್ರ ಬಿಡಬೇಕು, ಸ್ಕ್ರಿಪ್ಟಿನಲ್ಲಿ ತಾರೀಕಿನ ಕ್ರಮವನ್ನು ಊಹಿಸಲು ಬಿಡದೆ ಹೇಳಿಬಿಡಬೇಕು:

```python
df["date"] = pd.to_datetime(df["date"], format="%d/%m/%Y")
```

ಇಷ್ಟೆಲ್ಲ ಬರೆದ ಟಿಪ್ಪಣಿ ಸರಿಯಿದೆ ಎಂದು ಗೊತ್ತಾಗುವುದು ಹೇಗೆ? ಬರೆದವರು ಓದಿದರೆ ಗೊತ್ತಾಗದು, ಅವರಿಗೆ ಎಲ್ಲವೂ ತಿಳಿದಿದೆ. ಹೊರಡುವವರು ಇನ್ನೂ ಕಚೇರಿಯಲ್ಲಿರುವಾಗಲೇ ಹೊಸಬರನ್ನು ಕೂರಿಸಬೇಕು. ಅವರ ಕಂಪ್ಯೂಟರು, ಅವರ ಕೈ, ಮೂಲ ಫೈಲು ಮತ್ತು ಟಿಪ್ಪಣಿ ಇಷ್ಟೇ. ಪ್ರಕಟವಾಗಿರುವ ಹಿಂದಿನ ಒಂದು ವಾರದ ವರದಿಯನ್ನು ಅವರು ಮೊದಲಿನಿಂದ ತಯಾರಿಸಬೇಕು, ಪ್ರತಿ ತಾಲ್ಲೂಕಿನ ಸಂಖ್ಯೆಯೂ ಅಚ್ಚಾದದ್ದಕ್ಕೆ ತಾಳೆಯಾಗಬೇಕು. ಹಳಬರು ಪಕ್ಕದಲ್ಲಿ ಕೂತಿರಲಿ, ಬಾಯಿ ಹಾಕದಿರಲಿ. ಹೊಸಬರು ಎಲ್ಲಿ ತಲೆಯೆತ್ತಿ “ಸರ್, ಇದು ಯಾವ ಫೈಲು?” ಎಂದು ಕೇಳುತ್ತಾರೋ ಅಲ್ಲಿ ಟಿಪ್ಪಣಿಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಉತ್ತರವನ್ನು ಬಾಯಲ್ಲಿ ಹೇಳಿ ಮುಗಿಸದೆ ಆಗಲೇ ಅಲ್ಲೇ ಬರೆಯಬೇಕು.

ಪರೀಕ್ಷೆಗೆ ವಾರವನ್ನು ಆರಿಸುವಾಗಲೂ ಜಾಣತನ ಬೇಕು. ಎಲ್ಲ ಮಾಪಕಗಳೂ ಲೆಕ್ಕ ಕೊಟ್ಟ ಸುಲಭದ ವಾರ ಹಿಡಿದರೆ ಯಾವ ತೀರ್ಮಾನವೂ ಪರೀಕ್ಷೆಗೆ ಒಳಗಾಗುವುದಿಲ್ಲ. ಮಲೆನಾಡಿನಲ್ಲಿ ಸಿಗ್ನಲ್ ಹೋಗಿ ಹಲವು ಮಾಪಕಗಳು ಸುಮ್ಮನಾದ ಜುಲೈ ಅಥವಾ ಆಗಸ್ಟಿನ ವಾರವೇ ಆಗಬೇಕು. ಅಂಥ ವಾರದಲ್ಲಿ ಹೊಸಬರ ಲೆಕ್ಕದಲ್ಲಿ ಯಾವುದಾದರೂ ತಾಲ್ಲೂಕು ಅಚ್ಚಾದ ವರದಿಗಿಂತ ಕಡಿಮೆ ತೋರಿಸಿದರೆ ಮೊದಲು ನೋಡಬೇಕಾದದ್ದು ಖಾಲಿ ಜಾಗಗಳನ್ನು. ಹೆಚ್ಚು ತೋರಿಸಿದರೆ ಬಿಟ್ಟುಹೋದ ಮಾಪಕ ಯಾವುದು, ಅದು ಕಡಿಮೆ ಮಳೆಯ ಕಡೆಯದೇ ಎಂದು ನೋಡಬೇಕು. ಒಂದು ತಾಲ್ಲೂಕು ಪಟ್ಟಿಯಲ್ಲೇ ಇಲ್ಲದಿದ್ದರೆ ಹೆಸರಿನ ಜೋಡಣೆ ತಪ್ಪಿದೆ.

ಕೊನೆಯ ಪುಟದಲ್ಲಿ ಫೋನ್ ನಂಬರಿನ ಪಟ್ಟಿ ಇರುವುದು ವಾಡಿಕೆ. ಹೆಸರು ಮತ್ತು ನಂಬರ್ ಮಾತ್ರ ಇದ್ದರೆ ಸಾಲದು, ಯಾವ ಪ್ರಶ್ನೆಗೆ ಯಾರು ಎಂದಿರಬೇಕು: ಮಾಪಕ ಸುಮ್ಮನಾಗಿದೆಯೇ ಎಂದು ಕೇಳಲು ಯಾರು, ಗಡಿ ಬದಲಾವಣೆಯ ಆದೇಶದ ಪ್ರತಿ ಬೇಕಾದರೆ ಯಾರು, ವಾಡಿಕೆ ಮಳೆಯ ಕೋಷ್ಟಕ ಹೊಸದಾಯಿತೇ ಎಂದು ವಿಚಾರಿಸಲು ಯಾರು. ಪಾಸ್‌ವರ್ಡುಗಳನ್ನು ಟಿಪ್ಪಣಿಯಲ್ಲಿ ಬರೆಯಬಾರದು, ಬೇರೆಯಾಗಿ ಕೈಗೆ ಕೊಟ್ಟು, ಹೊರಟ ದಿನವೇ ಬದಲಿಸಬೇಕು. ಹಳಬರ ವೈಯಕ್ತಿಕ ಇಮೇಲಿಗೆ ದಿನವೂ ಬರುತ್ತಿದ್ದ ಡೇಟಾ ಫೈಲು ಇದ್ದರೆ ಅದನ್ನು ಮೊದಲೇ ಕಚೇರಿಯ ವಿಳಾಸಕ್ಕೆ ತಿರುಗಿಸಿಕೊಳ್ಳಬೇಕು. ಅವರ ಕೊನೆಯ ದಿನ ಕಳೆದ ಮೇಲೆ ಆ ವಿಳಾಸಕ್ಕೆ ಬಂದ ಫೈಲು ಯಾರ ಕೈಗೂ ಸಿಗುವುದಿಲ್ಲ, ಸ್ಕ್ರಿಪ್ಟಿಗೆ ಆ ದಿನ ಇಡೀ ರಾಜ್ಯದ ಮಾಪಕಗಳೆಲ್ಲ ಖಾಲಿ.